‘ನಮ್ಮ ತೋಟದ ಕೆಲಸ ಭಾಗ 12’: ಒಂದು ಮಣೂಕ ವಿಡಿಯೊದ ಪ್ರಕರಣ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ದ್ರಾಕ್ಷಿ ಬೆಳೆಯುವ ಒಂದು ಮನೆ. ಆರು ಎಕರೆ ಥಾಮ್ಸನ್ ಸೀಡ್‌ಲೆಸ್, ತೋಟದ ಬದಿಯಲ್ಲೇ ನೆಟ್ ಹೊದಿಸಿದ, ಹಣ್ಣು ಒಣಗಿಸಿ ಮಣೂಕ ಮಾಡುವ ಶೆಡ್. ಮನೆಯ ಹಿರಿಯರನ್ನು ಇಲ್ಲಿ ಕಾಕಾ ಎಂದಷ್ಟೇ ಕರೆಯುತ್ತೇನೆ. ಯೂಟ್ಯೂಬ್ ಚಾನೆಲ್ ನಡೆಸುವವನು ಅವರ ಅಣ್ಣನ ಮಗ, ಡಿಪ್ಲೊಮಾ ಮುಗಿಸಿ ಊರಿಗೆ ಮರಳಿದ ಹುಡುಗ. ಹೆಸರುಗಳನ್ನೂ ಊರನ್ನೂ ಚಾನೆಲ್‌ನ ಗುರುತನ್ನೂ ಬಿಟ್ಟಿದ್ದೇನೆ. ಅಂಕಿಗಳು ಆ ಒಂದು ಚಾನೆಲ್‌ನವು, ಇನ್ನೊಂದಕ್ಕೆ ಹಾಗೆಯೇ ಹೊಂದಬೇಕೆಂದಿಲ್ಲ.

ನಾನು ವಿಜಯಪುರದಲ್ಲಿ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವವನು. ಹಂಗಾಮಿಲ್ಲದ ತಿಂಗಳುಗಳಲ್ಲಿ ಮೂರ್ನಾಲ್ಕು ಚಾನೆಲ್‌ಗಳ ಶೀರ್ಷಿಕೆ ಮತ್ತು ವಿವರಣೆಗಳನ್ನು ನೋಡಿಕೊಳ್ಳುತ್ತೇನೆ. ಈ ಹುಡುಗ ಡಿಸೆಂಬರ್ ಮೊದಲ ವಾರದಲ್ಲಿ ನನ್ನ ಬಳಿ ಬಂದಾಗ ಅವನ ಚಾನೆಲ್‌ನಲ್ಲಿ 38 ವಿಡಿಯೊಗಳಿದ್ದವು. ಸರಕು ಗಟ್ಟಿಯಾಗಿತ್ತು. ಅದರಲ್ಲೂ ಒಂದು ವಿಡಿಯೊ, ಹಿಂದಿನ ಮಾರ್ಚ್‌ನಲ್ಲಿ ತೆಗೆದದ್ದು, ಹದಿನಾಲ್ಕು ನಿಮಿಷದ್ದು, ನನ್ನನ್ನು ಹಿಡಿದು ನಿಲ್ಲಿಸಿತು. ಕಾಕಾ ಡ್ರಮ್ಮಿನಲ್ಲಿ ನೀರು ಅಳೆಯುತ್ತಾರೆ, ಪೊಟ್ಯಾಶಿಯಂ ಕಾರ್ಬೊನೇಟ್ ಕರಗಿಸುತ್ತಾರೆ, ಮೇಲೆ ಡಿಪ್ಪಿಂಗ್ ಆಯಿಲ್ ಸುರಿದು ಕೋಲಿನಿಂದ ತಿರುವುತ್ತಾರೆ. ನೀರು ಹಾಲಿನ ಬಣ್ಣಕ್ಕೆ ತಿರುಗುವವರೆಗೂ ಕೈ ಬಿಡುವುದಿಲ್ಲ. ಎಣ್ಣೆ ಮೇಲೆ ತೇಲುತ್ತಿದ್ದರೆ ದ್ರಾವಣ ಕೂಡಿಲ್ಲ ಎಂದು ಬೆರಳಿನಿಂದ ತೋರಿಸುತ್ತಾರೆ. ಕ್ರೇಟ್‌ನಲ್ಲಿ ತುಂಬಿದ ಗೊಂಚಲುಗಳನ್ನು ಮುಳುಗಿಸಿ, ಮೂರು ನಿಮಿಷ ಎಣಿಸಿ, ಎತ್ತಿ, ಸೋರಲು ಬಿಟ್ಟು, ರ್‍ಯಾಕ್‌ನ ಜಾಳಿಗೆಯ ಮೇಲೆ ಹರಡುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿರುವ ಮೇಣದಂಥ ಪದರ ಈ ದ್ರಾವಣದಿಂದ ಸಡಿಲವಾಗುತ್ತದೆ, ಹಾಗಾಗಿ ಒಳಗಿನ ನೀರು ಬೇಗ ಹೊರಬರುತ್ತದೆ, ಬೇಗ ಒಣಗಿದರೆ ಬಣ್ಣ ಉಳಿಯುತ್ತದೆ ಎಂದು ತಮ್ಮ ಮಾತಿನಲ್ಲಿ ಹೇಳುತ್ತಾರೆ. ಮಣೂಕ ಮಾಡುವ ಯಾವ ರೈತನಿಗೂ ಬೇಕಾದ ಹದಿನಾಲ್ಕು ನಿಮಿಷ ಅದು.

ಅದರ ಶೀರ್ಷಿಕೆ: ‘ನಮ್ಮ ತೋಟದ ಕೆಲಸ ಭಾಗ 12’.

ವಿವರಣೆಯ ಜಾಗದಲ್ಲಿ ‘ಎಲ್ಲರೂ ಸಬ್‌ಸ್ಕ್ರೈಬ್ ಮಾಡಿ’ ಎಂಬ ಒಂದೇ ಸಾಲು. ಒಂಬತ್ತು ತಿಂಗಳಲ್ಲಿ ಬಂದ ವೀಕ್ಷಣೆಗಳಲ್ಲಿ ಹೆಚ್ಚಿನವು ನೆಂಟರ ವಾಟ್ಸ್‌ಆ್ಯಪ್ ಗುಂಪಿನಿಂದ ಬಂದಿದ್ದವು. ಹುಡುಕಿ ಬಂದವರು ಹತ್ತರಲ್ಲಿ ಒಬ್ಬರೂ ಇಲ್ಲ.

ಮೊದಲ ಯತ್ನ, ಮೊದಲ ಪೆಟ್ಟು

ನಾನು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ಯೂಟ್ಯೂಬ್‌ನಲ್ಲಿ ‘ಒಣದ್ರಾಕ್ಷಿ ಮಾಡುವ ವಿಧಾನ’ ಎಂದು ಹುಡುಕಿದೆ. ಮೇಲೆ ಬಂದ ಐದಾರು ವಿಡಿಯೊಗಳ ಶೀರ್ಷಿಕೆಗಳಲ್ಲಿ ಕಂಡ ಪದಗಳನ್ನೆಲ್ಲ ಗುಡ್ಡೆ ಹಾಕಿ ನಮ್ಮ ವಿಡಿಯೊಗೆ ಅಂಟಿಸಿದೆ: ಒಣದ್ರಾಕ್ಷಿ ಮಾಡುವ ವಿಧಾನ, ಕಿಶ್‌ಮಿಶ್, ರೈಸಿನ್ಸ್, ಡ್ರೈ ಗ್ರೇಪ್ಸ್. ನಾಲ್ಕೂ ಪದಗಳ ನಡುವೆ ಒಂದೊಂದು ಗೀಟು. ಮೇಲಿರುವವರು ಬಳಸಿದ ಪದಗಳನ್ನೇ ಬಳಸಿದರೆ ನಾವೂ ಮೇಲೆ ಹೋಗುತ್ತೇವೆ ಎಂಬುದು ಅಂದಿನ ಲೆಕ್ಕ.

28 ದಿನ ಬಿಟ್ಟು, ಚಾನೆಲ್‌ನ ಅಂಕಿಗಳನ್ನು ತೋರಿಸುವ ಯೂಟ್ಯೂಬ್ ಸ್ಟುಡಿಯೊ ತೆರೆದೆವು. ಹುಡುಕಾಟದಲ್ಲಿ ವಿಡಿಯೊ ಕಾಣಿಸಿಕೊಂಡದ್ದು ಸುಮಾರು 900 ಸಲದಿಂದ 5,200 ಸಲಕ್ಕೆ ಏರಿತ್ತು. ಹುಡುಗನ ಮುಖ ಅರಳಿತು. ಕೆಳಗಿನ ಸಾಲು ಓದಿದಾಗ ಬಾಡಿತು. ಕಂಡವರಲ್ಲಿ ಒತ್ತಿ ನೋಡಿದವರು ಶೇ 1.3 ಮಾತ್ರ, ಅಂದರೆ 68 ವೀಕ್ಷಣೆ. ನೋಡಿದವರೂ ಸರಾಸರಿ 48 ಸೆಕೆಂಡಿಗೆ ಎದ್ದು ಹೋಗಿದ್ದರು. ಹದಿನಾಲ್ಕು ನಿಮಿಷದ ವಿಡಿಯೊದಲ್ಲಿ 48ನೇ ಸೆಕೆಂಡಿಗೆ ಏನಿರುತ್ತದೆ ಎಂದು ತೆರೆದು ನೋಡಿದೆ. ಕಾಕಾ ಇನ್ನೂರು ಲೀಟರಿನ ನೀಲಿ ಡ್ರಮ್ಮಿನ ಪಕ್ಕದಲ್ಲಿ ನಿಂತು ರಾಸಾಯನಿಕದ ಚೀಲ ಬಿಚ್ಚುತ್ತಿರುತ್ತಾರೆ.

ಅಡುಗೆಮನೆಯಲ್ಲಿ ಅರ್ಧ ಕೆ.ಜಿ. ದ್ರಾಕ್ಷಿ ಒಣಗಿಸಲು ಬಂದ ಗೃಹಿಣಿ ಆ ಚೀಲ ನೋಡಿ ಇನ್ನೇನು ಮಾಡಬೇಕು? ನಾವು ಯಾರನ್ನು ಕರೆದಿದ್ದೇವೆ ಎಂಬುದು ಆಗ ಹೊಳೆಯಿತು. ‘ಒಣದ್ರಾಕ್ಷಿ’ ಅಂಗಡಿಯ, ಪಾಯಸದ, ಆರೋಗ್ಯದ ಪದ. ಶೆಡ್ಡಿನ ಪದ ಅದಲ್ಲ. ಅದೇ ವಿಡಿಯೊದಲ್ಲಿ ಕಾಕಾ ಹದಿನಾಲ್ಕು ನಿಮಿಷಗಳಲ್ಲಿ ಒಮ್ಮೆಯೂ ‘ಒಣದ್ರಾಕ್ಷಿ’ ಎನ್ನುವುದಿಲ್ಲ. ಮಣೂಕ, ಮಣೂಕ ಎಂದೇ ಹೇಳುತ್ತಾರೆ. ನಾನೂ ಈ ಜಿಲ್ಲೆಯವನೇ. ಆದರೂ ಕಂಪ್ಯೂಟರ್ ಮುಂದೆ ಕುಳಿತ ಕೂಡಲೇ ಪುಸ್ತಕದ ಪದ ಬಾಯಿಗೆ ಬಂದಿತ್ತು.

42 ಶೀರ್ಷಿಕೆಗಳ ಹಾಳೆ

ಜನವರಿಯಲ್ಲಿ ಎರಡು ಸಂಜೆ ಕುಳಿತು ಕೆಲಸವನ್ನು ಮೊದಲಿನಿಂದ ಮಾಡಿದೆವು. ಈ ಸಲ ಒಂದೇ ಹುಡುಕಾಟಕ್ಕೆ ಜೋತು ಬೀಳಲಿಲ್ಲ. ಐದು ಹುಡುಕಾಟಗಳನ್ನು ಆರಿಸಿಕೊಂಡೆವು: ‘ಒಣದ್ರಾಕ್ಷಿ ಮಾಡುವ ವಿಧಾನ’, ‘ಮಣೂಕ’, ‘ಮಣೂಕ ಶೆಡ್’, ಇಂಗ್ಲಿಷ್ ಅಕ್ಷರಗಳಲ್ಲಿ `draksi manuka`, ಮತ್ತು ಮಣೂಕಕ್ಕೆ ಮರಾಠಿಯಲ್ಲಿ ಹೇಳುವ ‘ಬೇದಾಣಾ’, ದೇವನಾಗರಿಯಲ್ಲಿ. ಕೊನೆಯದು ಏಕೆಂದರೆ ನಮ್ಮ ಮಣೂಕ ವಿಜಯಪುರದಲ್ಲಿ ಮಾತ್ರವಲ್ಲ, ಸಾಂಗಲಿ ಜಿಲ್ಲೆಯ ತಾಸಗಾವ ಪೇಟೆಯಲ್ಲೂ ಮಾರಾಟವಾಗುತ್ತದೆ. ಗಡಿಯ ರೈತರು ಎರಡೂ ಭಾಷೆಗಳ ವಿಡಿಯೊ ನೋಡುತ್ತಾರೆ.

ಹುಡುಗನ ಫೋನಿನಲ್ಲಿ ಹುಡುಕಬಾರದು ಎಂದು ಮೊದಲೇ ತೀರ್ಮಾನಿಸಿದೆವು. ಅವನು ದಿನವೂ ತನ್ನ ವಿಡಿಯೊಗಳನ್ನೇ ತೆರೆದು ನೋಡುವವನು, ಅವನಿಗೆ ಯೂಟ್ಯೂಬ್ ಅವನನ್ನೇ ಮೊದಲು ತೋರಿಸುತ್ತದೆ. ಲಾಗಿನ್ ಇಲ್ಲದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪ್ರತಿ ಹುಡುಕಾಟದ ಮೊದಲ ಹತ್ತು ವಿಡಿಯೊಗಳನ್ನು ತೆಗೆದುಕೊಂಡೆವು. ಶಾರ್ಟ್ಸ್‌ಗಳನ್ನು ಬಿಟ್ಟೆವು. ಒಟ್ಟು 50. ಎರಡೆರಡು ಕಡೆ ಬಂದವನ್ನು ತೆಗೆದ ಮೇಲೆ 42 ಉಳಿದವು. ಶೀಟ್‌ನಲ್ಲಿ ಒಂದು ಸಾಲಿಗೆ ಒಂದು ವಿಡಿಯೊ: ಯಾವ ಹುಡುಕಾಟದಲ್ಲಿ ಎಷ್ಟನೆಯದು, ಚಾನೆಲ್, ಶೀರ್ಷಿಕೆ, ವಿವರಣೆಯ ಮೊದಲ ಮೂರು ಸಾಲು, ಯಾವಾಗ ಹಾಕಿದ್ದು, ಎಷ್ಟು ವೀಕ್ಷಣೆ. ಕೊನೆಗೆ ಒಂದು ಕಾಲಂ ನಾವೇ ತುಂಬಿದೆವು: ಈ ವಿಡಿಯೊ ಯಾರಿಗಾಗಿ?

ಆ ಕೊನೆಯ ಕಾಲಮ್ಮೇ ಇಡೀ ಹಾಳೆಯ ಬೆಲೆ. 42ರಲ್ಲಿ 17 ಆರೋಗ್ಯದ ವಿಡಿಯೊಗಳು, ನೆನೆಸಿದ ಒಣದ್ರಾಕ್ಷಿ ತಿಂದರೆ ಏನಾಗುತ್ತದೆ ಎನ್ನುವ ಬಗೆಯವು. 9 ಅಡುಗೆಮನೆಯವು. 5 ವ್ಯಾಪಾರಿಗಳವು. ರೈತನಿಗಾಗಿ ಮಾಡಿದವು 11, ಅವುಗಳಲ್ಲೂ 5 ಮರಾಠಿ ಮತ್ತು ಹಿಂದಿಯವು. ಅಂದರೆ ಕನ್ನಡದಲ್ಲಿ ನಮ್ಮ ನಿಜವಾದ ಪ್ರತಿಸ್ಪರ್ಧಿಗಳು ಆರೇ ಆರು. ಲಕ್ಷ ಲಕ್ಷ ವೀಕ್ಷಣೆಯ ಆರೋಗ್ಯದ ಚಾನೆಲ್‌ಗಳನ್ನು ಎದುರಾಳಿ ಎಂದುಕೊಂಡು ಒಂದು ತಿಂಗಳು ಕಳೆದಿದ್ದೆವು.

ಪದಗಳನ್ನು ಎಣಿಸಲು ಸೂತ್ರ ಸರಳ. ಶೀರ್ಷಿಕೆಗಳು ಸಿ ಕಾಲಂನಲ್ಲಿದ್ದರೆ,

```
=COUNTIF(C2:C43,"*ಮಣೂಕ*")
```

ಇದು 1 ಎಂದು ತೋರಿಸಿತು. ಕಣ್ಣಿಂದ ಓದಿದರೆ 4 ಇವೆ. ಏಕೆ ಎಂದು ನೋಡಿದರೆ ಒಬ್ಬರು ‘ಮನೂಕ’ ಎಂದೂ ಮತ್ತೊಬ್ಬರು ‘ಮಣುಕ’ ಎಂದೂ ಇನ್ನೊಬ್ಬರು ‘ಮನುಕಾ’ ಎಂದೂ ಬರೆದಿದ್ದರು. ‘ಶೆಡ್‌ನಲ್ಲಿ’ ಎಂಬ ಪದದಲ್ಲಿ ಇನ್ನೊಂದು ತೊಡಕು. ಕೆಲವರು ‘ಡ್’ ಮತ್ತು ‘ನ’ ಬೆಸೆಯದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಹಾಕಿರುತ್ತಾರೆ, ಕೆಲವರು ಹಾಕಿರುವುದಿಲ್ಲ. ಸೂತ್ರಕ್ಕೆ ಅವು ಬೇರೆ ಬೇರೆ ಪದಗಳು. ಆದ್ದರಿಂದ ಕನ್ನಡದ ಶೀರ್ಷಿಕೆಗಳನ್ನು ಸೂತ್ರದಿಂದ ಮಾತ್ರ ಎಣಿಸಿ ‘ಇಲ್ಲಿ ಈ ಪದವೇ ಇಲ್ಲ, ಖಾಲಿ ಜಾಗ ಸಿಕ್ಕಿತು’ ಎಂದು ಕುಣಿಯಬಾರದು. ಪ್ರತಿ ಪದದ ಬರೆಯುವ ಬಗೆಗಳನ್ನೆಲ್ಲ ಪಟ್ಟಿ ಮಾಡಿ ಕೂಡಿಸಿದೆವು. ಅಷ್ಟಾದರೂ 42 ಸಾಲುಗಳನ್ನು ಒಮ್ಮೆ ಗಟ್ಟಿಯಾಗಿ ಓದಿದ್ದೇ ಹೆಚ್ಚು ಉಪಯೋಗಕ್ಕೆ ಬಂತು. ಹುಡುಗ ಓದುತ್ತಿದ್ದ, ಕಾಕಾ ಕೇಳುತ್ತಾ ಕುಳಿತಿದ್ದರು.

ಏಳೆಂಟು ಶೀರ್ಷಿಕೆ ಆಗುತ್ತಿದ್ದಂತೆ ಕಾಕಾ ತಡೆದರು. “ತಮ್ಮಾ, ಇವರು ಯಾರೂ ಎಣ್ಣೆಯ ಮಾತೇ ಎತ್ತುವುದಿಲ್ಲವಲ್ಲ?”

ಎಣ್ಣೆ ಎಂದರೆ ಡಿಪ್ಪಿಂಗ್ ಆಯಿಲ್. ಅಂಗಡಿಯ ಡಬ್ಬದ ಮೇಲೆ ಈಥೈಲ್ ಓಲಿಯೇಟ್ ಎಂದಿರುತ್ತದೆ. ಹಾಳೆ ನೋಡಿದೆವು. ಕನ್ನಡದ ಆರು ರೈತ ವಿಡಿಯೊಗಳಲ್ಲಿ ಒಂದರ ಶೀರ್ಷಿಕೆಯಲ್ಲೂ ಡಿಪ್ಪಿಂಗ್ ಎಂಬ ಪದವಿಲ್ಲ. ವಿವರಣೆಗಳಲ್ಲಿ ಇರಬಹುದೆಂದು ಪೂರ್ತಿ ತೆರೆದು ಓದಿದೆವು. ಮೂರರಲ್ಲಿ ವಾಟ್ಸ್‌ಆ್ಯಪ್ ಸಂಖ್ಯೆ ಮತ್ತು ಸಬ್‌ಸ್ಕ್ರೈಬ್ ಬೇಡಿಕೆ, ಎರಡರಲ್ಲಿ ಏನೂ ಇಲ್ಲ, ಒಂದರಲ್ಲಿ ಬೇರೆ ಬೇರೆ ಬೆಳೆಗಳ ಹೆಸರುಗಳ ಉದ್ದನೆಯ ಪಟ್ಟಿ. ವಿವರಣೆಗೆ 5,000 ಅಕ್ಷರಗಳ ಜಾಗವಿದೆ. ಆರೂ ಜನ ಆ ಜಾಗವನ್ನು ಬೀಳು ಬಿಟ್ಟಿದ್ದರು. ಮರಾಠಿ ವಿಡಿಯೊಗಳ ಪೈಕಿ ಎರಡರ ವಿವರಣೆಯಲ್ಲಿ ಮಾತ್ರ ಡಿಪ್ಪಿಂಗ್ ಆಯಿಲ್ ಮತ್ತು ಪ್ರಮಾಣ ಇತ್ತು. ಆ ಎರಡರಲ್ಲಿ ಒಂದರ ಕೆಳಗೆ ಕನ್ನಡದಲ್ಲಿ ಬರೆದ ಮೂರು ಪ್ರಶ್ನೆಗಳಿದ್ದವು, ಮೂರೂ ಎಣ್ಣೆ ಎಷ್ಟು ಹಾಕಬೇಕು ಎಂಬುದರ ಕುರಿತೇ. ಒಂದಕ್ಕೂ ಉತ್ತರ ಇರಲಿಲ್ಲ.

ಖಾಲಿ ಜಾಗಗಳಲ್ಲಿ ಎಲ್ಲವೂ ಜಾಗವಲ್ಲ

ಹಾಳೆಯಲ್ಲಿ ಖಾಲಿ ಬಿಟ್ಟ ಪದಗಳು ಒಂದಲ್ಲ, ಏಳೆಂಟು ಸಿಕ್ಕವು. ಅವುಗಳನ್ನು ಒಂದೊಂದಾಗಿ ತಟ್ಟಿ ನೋಡಬೇಕಾಯಿತು. ಒಂದು ಪದವನ್ನು ಯಾರೂ ಬಳಸಿಲ್ಲ ಎಂದರೆ ಯಾರೂ ಅದರ ಬಗ್ಗೆ ವಿಡಿಯೊ ಮಾಡಿಲ್ಲ ಎಂದಾಗಬಹುದು, ಯಾರೂ ಅದನ್ನು ಕೇಳುವುದಿಲ್ಲ ಎಂದೂ ಆಗಬಹುದು.

‘ಸಾವಯವ ಮಣೂಕ’ ಅಂಥದ್ದೊಂದು. 42ರಲ್ಲಿ ಒಂದೂ ಇಲ್ಲ. ಹುಡುಗನಿಗೆ ಆಸೆ ಹುಟ್ಟಿತು. ಹುಡುಕುವ ಪೆಟ್ಟಿಗೆಯಲ್ಲಿ ‘ಮಣೂಕ’ ಎಂದು ಬರೆದು ಒಂದು ಜಾಗ ಬಿಟ್ಟು ನಿಂತರೆ ಯೂಟ್ಯೂಬ್ ತಾನೇ ಕೆಲವು ಸಲಹೆಗಳನ್ನು ಕೆಳಗೆ ಇಳಿಸುತ್ತದೆ. ಅದರಲ್ಲಿ ‘ಸಾವಯವ’ ಬರಲಿಲ್ಲ. ‘ಸಾವಯವ’ ಎಂದು ಮೊದಲು ಬರೆದರೂ ಮಣೂಕ ಬರಲಿಲ್ಲ. ಪ್ರತಿಸ್ಪರ್ಧಿಗಳ ವಿಡಿಯೊಗಳ ಕೆಳಗಿನ ನೂರಾರು ಪ್ರತಿಕ್ರಿಯೆಗಳಲ್ಲೂ ಆ ಪ್ರಶ್ನೆ ಇರಲಿಲ್ಲ. ಕೈಬಿಟ್ಟೆವು. ಸಲಹೆ ಬಾರದಿದ್ದರೆ ಕೇಳುವವರೇ ಇಲ್ಲ ಎಂದು ಅದೊಂದರಿಂದಲೇ ಹೇಳಲಾಗದು, ಸಲಹೆಗಳು ಭಾಷೆ ಮತ್ತು ಊರಿಗೆ ತಕ್ಕಂತೆ ಬದಲಾಗುತ್ತವೆ. ಎರಡೂ ಕಡೆ ಸದ್ದಿಲ್ಲದಿದ್ದರೆ ಮಾತ್ರ ಬಿಟ್ಟೆವು.

‘ಇಂದಿನ ಮಣೂಕ ದರ’ ಇದಕ್ಕೆ ತಿರುಗುಮುರುಗು. ಕೇಳುವವರು ಬಹಳ. ಇರುವ ವಿಡಿಯೊಗಳ ಶೀರ್ಷಿಕೆಯಲ್ಲಿ ‘ಇಂದು’ ಎಂದಿದೆ, ತಾರೀಖಿಲ್ಲ, ತೆರೆದರೆ ಎರಡು ವರ್ಷ ಹಳೆಯದು. ತಾರೀಖು ಹಾಕಿ ಬರೆದರೆ ಸುಲಭವಾಗಿ ಗೆಲ್ಲಬಹುದಾದ ಜಾಗ. ಆದರೆ ಪ್ರತಿ ಹರಾಜಿಗೂ ಎಪಿಎಂಸಿಗೆ ಹೋಗಿ ಅದೇ ಸಂಜೆ ವಿಡಿಯೊ ಹಾಕಬೇಕು. ಶೆಡ್ಡಿನಲ್ಲಿ ಹಣ್ಣು ಬಿದ್ದಿರುವ ಮಾರ್ಚ್‌ನಲ್ಲಿ ಆ ಹುಡುಗನಿಗೆ ಊಟಕ್ಕೂ ಹೊತ್ತಿರುವುದಿಲ್ಲ. ಅದನ್ನೂ ಬಿಟ್ಟೆವು, ಸ್ವಲ್ಪ ನೋವಿನಿಂದಲೇ.

ನನಗೆ ಹೆಚ್ಚು ಕಲಿಸಿದ್ದು `manuka` ಎಂಬ ಆರು ಇಂಗ್ಲಿಷ್ ಅಕ್ಷರಗಳು. ನಮ್ಮ ರೈತರಲ್ಲಿ ಅನೇಕರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು ಹುಡುಕುತ್ತಾರೆ. ಆರು ಕನ್ನಡ ರೈತ ವಿಡಿಯೊಗಳಲ್ಲಿ ಒಂದರಲ್ಲೂ ಆ ಅಕ್ಷರಗಳಿಲ್ಲ. ದೊಡ್ಡ ನಿಧಿಯೇ ಸಿಕ್ಕಂತೆ ಅನ್ನಿಸಿತು. ಆ ಒಂದೇ ಪದವನ್ನು ಹಾಕಿ ಹುಡುಕಿದರೆ ಪರದೆಯ ತುಂಬ ಜೇನುತುಪ್ಪ. ನ್ಯೂಜಿಲೆಂಡ್‌ನಲ್ಲಿ ಮನುಕಾ ಎಂಬ ಗಿಡವಿದೆ, ಅದರ ಹೂವಿನ ಜೇನು ಜಗತ್ತಿನಾದ್ಯಂತ ಹೆಸರುವಾಸಿ. ಒಂದೆರಡು ಅಕ್ಷರ ಬದಲಿಸಿದರೆ ಹಿಂದಿಯ ‘ಮುನಕ್ಕಾ’ ಬರುತ್ತದೆ, ಅದು ಬೀಜವಿರುವ ದೊಡ್ಡ ಒಣದ್ರಾಕ್ಷಿ, ಅಲ್ಲಿ ಮತ್ತೆ ಆರೋಗ್ಯದ ವಿಡಿಯೊಗಳ ಸಂತೆ. ಇವೆರಡರ ನಡುವೆ ತಿಕೋಟಾದ ವಿಡಿಯೊ ಎಲ್ಲಿ ತಲೆ ಎತ್ತಬೇಕು?

ಪದವನ್ನು ಬಿಡಲಿಲ್ಲ, ಒಂಟಿಯಾಗಿ ಬಿಡಲಿಲ್ಲ ಅಷ್ಟೇ. `manuka shed`, `manuka dipping oil`, `draksi manuka` ಎಂದು ಜೋಡಿಸಿ ಹುಡುಕಿದಾಗ ಜೇನುತುಪ್ಪ ಮಾಯವಾಯಿತು. ಶೆಡ್ ಕಟ್ಟುವವನು, ಎಣ್ಣೆ ಕೊಳ್ಳುವವನು ದ್ರಾಕ್ಷಿ ರೈತ ಮಾತ್ರ. ಜೊತೆಯ ಪದ ಜನರನ್ನು ಸೋಸುತ್ತದೆ. ‘ಒಣದ್ರಾಕ್ಷಿ’ಯಲ್ಲಿ ಒಂದು ತಿಂಗಳು ಏಕೆ ಸೋತೆವು ಎಂಬುದೂ ಇದರಿಂದಲೇ ಅರ್ಥವಾಯಿತು. ಅಲ್ಲಿ ಸೋಸುವ ಪದವನ್ನೇ ನಾವು ಹಾಕಿರಲಿಲ್ಲ.

ಬರೆದದ್ದು

ಫೆಬ್ರುವರಿ ಮೊದಲ ವಾರ ಶೀರ್ಷಿಕೆ ಹೀಗಾಯಿತು:

ಮಣೂಕ ಡಿಪ್ಪಿಂಗ್ ಆಯಿಲ್: 100 ಲೀಟರ್ ನೀರಿಗೆ ಎಷ್ಟು? | ದ್ರಾಕ್ಷಿ ಒಣಗಿಸುವ ಶೆಡ್

ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇದೆ. ಕನ್ನಡದಲ್ಲಿ ಅದು ಅಂದುಕೊಂಡದ್ದಕ್ಕಿಂತ ಬೇಗ ತುಂಬುತ್ತದೆ. ‘ದ್ರಾಕ್ಷಿ’ ಕಣ್ಣಿಗೆ ಎರಡೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಎಂಟು. ಮೇಲಿನ ಶೀರ್ಷಿಕೆ ಆ ಲೆಕ್ಕದಲ್ಲಿ ಎಪ್ಪತ್ತರ ಒಳಗಿದೆ. ಫೋನಿನಲ್ಲಿ ಬಾಲ ಕತ್ತರಿಸಿ ಹೋದರೂ ಪ್ರಶ್ನೆ ಉಳಿಯುವಂತೆ ಅದನ್ನು ಮುಂದಿಟ್ಟು, ‘ದ್ರಾಕ್ಷಿ ಒಣಗಿಸುವ ಶೆಡ್’ ಎಂಬುದನ್ನು ಹಿಂದೆ ಇಟ್ಟೆವು. ‘ಒಣದ್ರಾಕ್ಷಿ’ ಎಂಬ ಪದವನ್ನು ಬೇಕೆಂದೇ ತೆಗೆದೆವು.

ವಿವರಣೆಯ ಮೊದಲ ಸಾಲಿಗೆ ಕಾಕಾ ಮತ್ತು ನನ್ನ ನಡುವೆ ಸಣ್ಣ ಜಟಾಪಟಿಯೇ ಆಯಿತು. ನಾನು ಪ್ರಮಾಣವನ್ನು ಅಲ್ಲೇ ಬರೆಯೋಣ ಎಂದೆ: 100 ಲೀಟರ್ ನೀರಿಗೆ ಪೊಟ್ಯಾಶಿಯಂ ಕಾರ್ಬೊನೇಟ್ 2.5 ಕೆ.ಜಿ., ಈಥೈಲ್ ಓಲಿಯೇಟ್ ಅಂದರೆ ಡಿಪ್ಪಿಂಗ್ ಆಯಿಲ್ 1.5 ಲೀಟರ್.

“ಎಲ್ಲವನ್ನೂ ಬಾಗಿಲಲ್ಲೇ ಹಂಚಿದರೆ ಒಳಗೆ ಯಾರು ಬರುತ್ತಾರೆ?” ಎಂದರು ಕಾಕಾ.

“ಬಾಗಿಲಲ್ಲಿ ಏನೂ ಇಲ್ಲದಿದ್ದರೂ ಬರುವುದಿಲ್ಲ ಕಾಕಾ, ಒಂಬತ್ತು ತಿಂಗಳು ನೋಡಿದಿರಲ್ಲ,” ಎಂದ ಹುಡುಗ.

ಕಾಕಾ ಒಪ್ಪಿದರು, ಮುಖ ಸಡಿಲಿಸದೆ. ಪ್ರಮಾಣ ತಿಳಿದವನಿಗೂ ಯಾವುದನ್ನು ಮೊದಲು ಹಾಕಬೇಕು, ಯಾವಾಗ ಸಾಕು ಎನ್ನಬೇಕು ಎಂಬುದು ಕಣ್ಣಿಂದ ನೋಡದೆ ಗೊತ್ತಾಗುವುದಿಲ್ಲ ಎಂಬುದು ನನ್ನ ಧೈರ್ಯ. ಎರಡನೆಯ ಸಾಲಿನಲ್ಲಿ ಎಣ್ಣೆ ತೇಲಿದರೆ ಏನು ಮಾಡಬೇಕು, ಎಷ್ಟು ನಿಮಿಷ ಮುಳುಗಿಸಬೇಕು ಎಂಬುದನ್ನೂ ಅವು ಬರುವ ನಿಮಿಷಗಳನ್ನೂ ಬರೆದೆವು. ‘ಎಣ್ಣೆ’ ಎಂಬ ಪದವನ್ನು ಅಲ್ಲಿ ಉಳಿಸಿಕೊಂಡೆವು, ಪ್ರತಿಕ್ರಿಯೆಗಳಲ್ಲಿ ರೈತರು ಬರೆದದ್ದು ಅದನ್ನೇ. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ವಾಕ್ಯ, `manuka dipping oil` ಮತ್ತು `draksi manuka shed` ಒಳಗೊಂಡಂತೆ. ವಾಕ್ಯವಾಗಿಯೇ ಬರೆದೆವು. ವಿವರಣೆಯಲ್ಲಿ ಪದಗಳ ಮೂಟೆ ಇಳಿಸುವುದು ಯೂಟ್ಯೂಬ್‌ನ ನಿಯಮಗಳಿಗೆ ವಿರುದ್ಧ, ಅದರಿಂದ ವಿಡಿಯೊವನ್ನೇ ತೆಗೆದುಹಾಕುವ ಅಪಾಯವೂ ಇದೆ. ಬೆಳೆಗಳ ಪಟ್ಟಿ ಹಾಕಿದ್ದ ಆ ಆರನೆಯ ಚಾನೆಲ್ ಮಾಡಿದ್ದು ಅದನ್ನೇ. ಮನೂಕ, ಮಣುಕ, ಮನುಕಾ ಎಂಬ ತಪ್ಪು ಬರಹಗಳನ್ನು ಟ್ಯಾಗ್‌ಗಳ ಪೆಟ್ಟಿಗೆಗೆ ತಳ್ಳಿದೆವು. ಟ್ಯಾಗ್‌ಗಳಿಂದ ದೊಡ್ಡ ಲಾಭವಿಲ್ಲ, ಜನ ಸಾಮಾನ್ಯವಾಗಿ ತಪ್ಪಾಗಿ ಬರೆಯುವ ಪದಗಳಿಗೆ ಮಾತ್ರ ಉಪಯೋಗ ಎಂದು ಯೂಟ್ಯೂಬ್ ತಾನೇ ಹೇಳುತ್ತದೆ. ನಮ್ಮ ಪದವೇ ಅಂಥದ್ದು.

ಹುಡುಗ ಅದೇ ರಾತ್ರಿ 38 ವಿಡಿಯೊಗಳ ಶೀರ್ಷಿಕೆಗಳನ್ನೂ ಬದಲಿಸಲು ಕುಳಿತಿದ್ದ. ತಡೆದೆ. ಫೆಬ್ರುವರಿ ಎಂದರೆ ಶೆಡ್ಡುಗಳು ತುಂಬಲು ತೊಡಗುವ ಕಾಲ. ಶೀರ್ಷಿಕೆ ಬದಲಿಸಿದರೂ ಬದಲಿಸದಿದ್ದರೂ ಮಣೂಕವನ್ನು ಹುಡುಕುವವರು ಹೆಚ್ಚುತ್ತಾರೆ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಏರಿದ್ದು ನಮ್ಮ ಬರಹದಿಂದಲೋ ಹಂಗಾಮಿನಿಂದಲೋ ಎಂದು ಹೇಳಲು ಏನೂ ಉಳಿಯುವುದಿಲ್ಲ. ‘ನಮ್ಮ ತೋಟದ ಕೆಲಸ ಭಾಗ 9’ ಎಂಬ ಇನ್ನೊಂದು ವಿಡಿಯೊ ಇತ್ತು, ಶೆಡ್ ಕಟ್ಟಿದ ಖರ್ಚಿನದು. ಅದನ್ನು ನಾಲ್ಕು ವಾರ ಮುಟ್ಟಬೇಡ ಎಂದೆ. ಒಳ್ಳೆಯ ವಿಡಿಯೊವನ್ನು ಹಾಗೆ ಕೊಳೆಯಲು ಬಿಡುವುದು ಅವನಿಗೆ ಕಷ್ಟವಾಯಿತು. ಎರಡು ಸಲ ಫೋನ್ ಮಾಡಿ ಬದಲಿಸಲೇ ಎಂದು ಕೇಳಿದ.

ನಡೆದದ್ದು

28 ದಿನಗಳ ನಂತರ ಹುಡುಕಾಟದ ಸಾಲು ಮಾತ್ರ ಆರಿಸಿ ನೋಡಿದೆವು. ಡಿಪ್ಪಿಂಗ್ ವಿಡಿಯೊ 11,800 ಸಲ ಕಂಡಿತ್ತು, ಶೇ 7.1ರಷ್ಟು ಒತ್ತಿದ್ದರು, ಸುಮಾರು 840 ವೀಕ್ಷಣೆ. ಸರಾಸರಿ ನೋಡಿದ ಹೊತ್ತು 48 ಸೆಕೆಂಡಿನಿಂದ 5 ನಿಮಿಷ ದಾಟಿತ್ತು. ಪ್ರಮಾಣವನ್ನು ಬಾಗಿಲಲ್ಲೇ ಹಂಚಿದರೂ ಜನ ಒಳಗೆ ಬಂದು ಕುಳಿತಿದ್ದರು. ಹೆಚ್ಚು ಮಂದಿ ಹಿಂದಕ್ಕೆ ಎಳೆದು ಮತ್ತೆ ನೋಡಿದ ಜಾಗ, ನೀರು ಹಾಲಿನ ಬಣ್ಣಕ್ಕೆ ತಿರುಗುವ ಆ ಅರ್ಧ ನಿಮಿಷ.

ಮುಟ್ಟದೆ ಬಿಟ್ಟ ಭಾಗ 9ರ ಹುಡುಕಾಟದ ವೀಕ್ಷಣೆಗಳೂ ಅದೇ ಅವಧಿಯಲ್ಲಿ 31ರಿಂದ 74ಕ್ಕೆ ಏರಿದ್ದವು, ಎರಡೂಕಾಲು ಪಟ್ಟಿಗಿಂತ ಹೆಚ್ಚು. ಅದಕ್ಕೆ ನಾವು ಏನೂ ಮಾಡಿರಲಿಲ್ಲ. ಆದ್ದರಿಂದ 68ರಿಂದ 840ಕ್ಕೆ ಹೋದ ಏರಿಕೆಯನ್ನೆಲ್ಲ ನಮ್ಮ ಜಾಣತನದ ಖಾತೆಗೆ ಬರೆದುಕೊಳ್ಳಲಾಗದು. ಬರೀ ಹಂಗಾಮಿನಿಂದಲೇ ಅದು 160ರ ಆಸುಪಾಸಿಗೆ ಬರುತ್ತಿತ್ತು ಎಂದು ಒರಟಾಗಿ ಹೇಳಬಹುದು. ಒಂದೇ ವಿಡಿಯೊವನ್ನು ಎದುರಿಟ್ಟು ಮಾಡಿದ ಹೋಲಿಕೆ ಇದು, ಅದರ ಮೇಲೆ ಇನ್ನೂ ಭಾರ ಹೇರುವಂತಿಲ್ಲ.

ಸ್ಟುಡಿಯೊದಲ್ಲಿ ಜನ ಬರೆದ ಹುಡುಕಾಟದ ಪದಗಳ ಪಟ್ಟಿ ಸಿಗುತ್ತದೆ. ಮೇಲಿದ್ದದ್ದು `manuka dipping oil`. ನಂತರ ‘ಮಣೂಕ ಮಾಡುವ ವಿಧಾನ’. ಮೂರನೆಯದು ನಮ್ಮ ಹಾಳೆಯಲ್ಲಿ ಎಲ್ಲೂ ಇರಲಿಲ್ಲ: `potassium carbonate grapes`. ಅಂಗಡಿಯಲ್ಲಿ ಚೀಲ ಕೈಗೆ ಬಂದ ಮೇಲೆ ಅದರ ಮೇಲಿನ ಅಕ್ಷರಗಳನ್ನೇ ನೋಡಿ ಬರೆಯುತ್ತಾರೆ ಎಂದು ಕಾಣುತ್ತದೆ. ಪ್ರತಿಸ್ಪರ್ಧಿಗಳ ಶೀರ್ಷಿಕೆಗಳನ್ನು ಎಷ್ಟು ಸೋಸಿದರೂ ಈ ಪದ ಸಿಗುತ್ತಿರಲಿಲ್ಲ, ಅವರಿಗೂ ಅದು ಹೊಳೆದಿರಲಿಲ್ಲ. ಅವರ ಹಾಳೆಯಿಂದ ಶುರು ಮಾಡಬಹುದು, ಎರಡನೆಯ ಸುತ್ತಿಗೆ ನಮ್ಮದೇ ಪಟ್ಟಿ ಬೇಕು. ಮರುದಿನವೇ ವಿವರಣೆಯ ಇಂಗ್ಲಿಷ್ ವಾಕ್ಯಕ್ಕೆ ಆ ಪದಗಳೂ ಸೇರಿದವು.

ಮರಾಠಿಯ ಯತ್ನ ಮಾತ್ರ ಕೈಕೊಟ್ಟಿತು. ಒಂದೇ ವಿಡಿಯೊಗೆ ಬೇರೆ ಭಾಷೆಯಲ್ಲೂ ಶೀರ್ಷಿಕೆ ಮತ್ತು ವಿವರಣೆ ಸೇರಿಸಲು ಯೂಟ್ಯೂಬ್ ಅವಕಾಶ ಕೊಡುತ್ತದೆ, ಆ ಭಾಷೆ ಇಟ್ಟುಕೊಂಡವರಿಗೆ ಅದೇ ಕಾಣುತ್ತದೆ. ಗೆಳೆಯರೊಬ್ಬರಿಂದ ‘ಬೇದಾಣಾ’ ಇರುವ ಶೀರ್ಷಿಕೆ ಬರೆಸಿ ಮಾರ್ಚ್ ಮೊದಲಲ್ಲಿ ಹಾಕಿದೆವು. ನೋಡುಗರು ಬಂದರು, ಅರ್ಧ ನಿಮಿಷದಲ್ಲಿ ಹೊರಟರು. ಒಬ್ಬರು ಕೆಳಗೆ ಮರಾಠಿಯಲ್ಲಿ, ಹೆಸರು ಮರಾಠಿ, ಮಾತು ಕನ್ನಡ, ಇದೇನು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಶೀರ್ಷಿಕೆ ತುಂಬಬಹುದಾದ ಜಾಗವೇ ಅದು, ಆದರೆ ತುಂಬಲು ನಮ್ಮಲ್ಲಿ ಸರಕಿರಲಿಲ್ಲ. ಮರಾಠಿ ಸಬ್‌ಟೈಟಲ್ ಇಲ್ಲದೆ ಅದನ್ನು ಹಾಕಬಾರದಿತ್ತು. ಹತ್ತು ದಿನಕ್ಕೆ ತೆಗೆದೆವು. ಜತ್ತ ಮತ್ತು ಅಥಣಿ ಕಡೆಯ ಕನ್ನಡಿಗ ರೈತರೂ ಬೇದಾಣಾ ಎನ್ನುವುದರಿಂದ ಆ ಒಂದು ಪದವನ್ನು ಕನ್ನಡ ವಿವರಣೆಯೊಳಗೆ ಉಳಿಸಿಕೊಂಡೆವು.

ನಾಲ್ಕು ವಾರ ತುಂಬಿದ ದಿನವೇ ಭಾಗ 9ರ ಹೆಸರೂ ಬದಲಾಯಿತು. ಮಾರ್ಚ್ ಮಧ್ಯದಲ್ಲಿ ಎರಡು ದಿನ ಮೋಡ ಕವಿದು ಹನಿ ಬಿದ್ದಾಗ ಹುಡುಗ ನನ್ನನ್ನು ಕೇಳದೆಯೇ ಒಂದು ವಿಡಿಯೊ ಮಾಡಿ ಹಾಕಿದ. ಶೆಡ್ಡಿನ ಬದಿಗೆ ತಾಡಪಾಲು ಇಳಿಸುವುದು, ತೇವ ಕುಳಿತು ನಿಧಾನವಾಗಿ ಒಣಗಿದ ಹಣ್ಣು ಹೇಗೆ ಕಂದುಬಣ್ಣಕ್ಕೆ ತಿರುಗುತ್ತದೆ ಎಂದು ಎರಡು ಅಂಗೈಗಳಲ್ಲಿ ಎರಡು ಬಗೆಯ ಮಣೂಕ ಹಿಡಿದು ತೋರಿಸುವುದು. ಶೀರ್ಷಿಕೆ: ‘ಮಳೆ ಬಂದರೆ ಮಣೂಕ ಕಪ್ಪಾಗುವುದು ಏಕೆ? ಶೆಡ್‌ನಲ್ಲಿ ಏನು ಮಾಡಬೇಕು’. ಹಾಳೆಯಲ್ಲಿ ‘ಮಳೆ’ ಎಂಬ ಪದ 42 ಶೀರ್ಷಿಕೆಗಳಲ್ಲಿ ಒಂದರಲ್ಲಿ ಮಾತ್ರ ಇತ್ತು, ಅದೂ ಮರಾಠಿಯದು. ಅವನು ಅದನ್ನು ನೆನಪಿಟ್ಟುಕೊಂಡಿದ್ದ.

ಏಪ್ರಿಲ್ ಎರಡನೆಯ ವಾರ ಕಾಕಾ ಫೋನ್ ಮಾಡಿದರು. ಬೇರೆ ಯಾರದೋ ಚಾನೆಲ್‌ನಲ್ಲಿ ನಮ್ಮದೇ ಶೀರ್ಷಿಕೆ ಇದೆ, ಕಳ್ಳತನವಲ್ಲವೇ ಇದು ಎಂದು ಸಿಟ್ಟಾಗಿದ್ದರು. ತೆರೆದು ನೋಡಿದೆ. ಮಣೂಕ ಡಿಪ್ಪಿಂಗ್ ಆಯಿಲ್, 100 ಲೀಟರ್ ನೀರಿಗೆ ಎಷ್ಟು, ಗೀಟಿನವರೆಗೂ ಹಾಗೆಯೇ ಇತ್ತು. ವಿವರಣೆಯಲ್ಲಿ ಒಂದು ವಾಟ್ಸ್‌ಆ್ಯಪ್ ಸಂಖ್ಯೆ ಬಿಟ್ಟರೆ ಬೇರೇನೂ ಇಲ್ಲ. ನಗು ಬಂತು. ಹಾಳೆ ತೆರೆದು 44ನೇ ಸಾಲಿನಲ್ಲಿ ಆ ಚಾನೆಲ್‌ನ ಹೆಸರು, ಶೀರ್ಷಿಕೆ, ಹಾಕಿದ ದಿನ ತುಂಬಿದೆ. ಯಾರಿಗಾಗಿ ಎಂಬ ಕಾಲಂನಲ್ಲಿ ‘ರೈತ’ ಎಂದು ಬರೆದು, ವಿವರಣೆಯ ಕಾಲಂ ಖಾಲಿ ಬಿಟ್ಟೆ.